ಸ್ಪೀಕರ್‌ನಲ್ಲಿ ಗುಂಯ್ ಸದ್ದೇ? ಮೊದಲು ಕೇಬಲ್ ವೈರ್ ಬಿಚ್ಚಿ ನೋಡಿ

ಮನೆಗೆ ಹೊಸದಾಗಿ ಗೇಮ್ ಕನ್ಸೋಲ್ ಬರುತ್ತದೆ. ಆಟದ ಸದ್ದಿಗೆ ಟಿವಿಯ ಸ್ಪೀಕರ್ ಸಾಲದು ಎಂದು ಟಿವಿಯ ಆಡಿಯೋ ಔಟ್‌ನಿಂದ ಆಂಪ್ಲಿಫೈಯರ್‌ಗೆ ವೈರ್ ಎಳೆಯುತ್ತಾರೆ. ಅಲ್ಲಿಂದ ಶುರು: ಆಟ ನಿಂತಾಗಲೂ, ಟಿವಿ ಮ್ಯೂಟ್ ಆದಾಗಲೂ ಸ್ಪೀಕರ್‌ನಲ್ಲಿ ಗುಂಯ್ ಎನ್ನುವ ಸದ್ದು. ಬೈಗುಳವೆಲ್ಲ ಕನ್ಸೋಲ್‌ಗೆ. ಅಂಗಡಿಯವರು ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್ ಕೊಡುತ್ತಾರೆ, ಗುಂಯ್ ಹಾಗೇ ಉಳಿಯುತ್ತದೆ. ಉಳಿಯಲೇಬೇಕು, ಏಕೆಂದರೆ ಹೊಸ ಕೇಬಲ್ಲಿನ ಲೋಹದ ಹೊದಿಕೆಯೂ ಹಳೆಯದರಂತೆಯೇ ಕರೆಂಟನ್ನು ದಾಟಿಸುತ್ತದೆ.

ಸದ್ದಿನ ಮೂಲ ಬಹುಪಾಲು ಬೀದಿಯಲ್ಲಿರುತ್ತದೆ. ಕೇಬಲ್ ಟಿವಿ ವೈರಿನ ಹೊರಗಿನ ಲೋಹದ ಜಾಲರಿ ಮೆಟ್ಟಿಲ ಬಳಿಯ ಅಥವಾ ಕಂಬದ ಮೇಲಿನ ಆಂಪ್ಲಿಫೈಯರ್ ಪೆಟ್ಟಿಗೆಯಲ್ಲಿ ಎಲ್ಲೋ ಭೂಮಿಗೆ ಸೇರಿರುತ್ತದೆ. ನಿಮ್ಮ ಮೂರು ಪಿನ್ನಿನ ಆಂಪ್ಲಿಫೈಯರ್ ಮನೆಯ ಅರ್ಥಿಂಗ್‌ಗೆ ಸೇರಿರುತ್ತದೆ. ಈ ಎರಡು ಅರ್ಥಿಂಗ್‌ಗಳ ನಡುವೆ ಒಂದೆರಡು ವೋಲ್ಟ್ ವ್ಯತ್ಯಾಸವಿದ್ದರೂ ಸಾಕು. ಜಾಲರಿಯಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ಹೊದಿಕೆಯಲ್ಲಿ ಟಿವಿ, ಟಿವಿಯಿಂದ ಆಡಿಯೋ ವೈರಿನಲ್ಲಿ ಆಂಪ್ಲಿಫೈಯರ್, ಅಲ್ಲಿಂದ ಮೂರನೇ ಪಿನ್ನು, ಹೀಗೆ 50 ಹರ್ಟ್ಸ್‌ನ ಕರೆಂಟು ಸುತ್ತು ಹೊಡೆಯುತ್ತದೆ. ಆಡಿಯೋ ವೈರಿನ ಹೊದಿಕೆ ಸಂಗೀತ ಹಿಂದಿರುಗುವ ದಾರಿಯೂ ಹೌದು, ಹಾಗಾಗಿ ಈ ಕರೆಂಟು ಸಂಗೀತದ ಜೊತೆ ಬೆರೆತು ಗುಂಯ್ ಎನ್ನುತ್ತದೆ. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡಕ್ಕೂ ಇರುವುದು ಅರ್ಥಿಂಗ್ ಇಲ್ಲದ ಪವರ್ ವೈರು. ಈ ಸುತ್ತನ್ನು ಅವು ತಾವಾಗಿಯೇ ಪೂರ್ತಿ ಮಾಡಲಾರವು.

ಹಂತ 1. ಸದ್ದನ್ನು ಕಿವಿಗೊಟ್ಟು ಕೇಳಿ. ಒಂದೇ ಸಮನೆಯ ದಪ್ಪ ಗುಂಯ್ ಆದರೆ ಮುಂದೆ ಓದಿ. ಫ್ಯಾನ್ ರೆಗ್ಯುಲೇಟರ್ ತಿರುಗಿಸಿದಾಗ ಬದಲಾಗುವ ಚರ್ರ್ ಸದ್ದಾದರೆ ತಪ್ಪು ರೆಗ್ಯುಲೇಟರಿನದು. ಪರದೆಯ ದೃಶ್ಯ ಬದಲಾದಂತೆ ಸದ್ದೂ ಬದಲಾದರೆ ಅದು ಬೇರೆಯದೇ ಕಥೆ, ಈ ಸುತ್ತನ್ನು ಕತ್ತರಿಸುವ ಕೇಬಲ್ ಐಸೊಲೇಟರ್‌ಗೆ ದುಡ್ಡು ಸುರಿಯಬೇಡಿ.

ಹಂತ 2. ಎಲ್ಲ ಉಪಕರಣಗಳನ್ನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿ.

ಹಂತ 3. ಹೆಚ್ಚಿನವರು ಎಡವುವುದು ಇಲ್ಲೇ. ಸೆಟ್‌ಟಾಪ್ ಬಾಕ್ಸ್ ತಪ್ಪಿತಸ್ಥನೇ ಎಂದು ನೋಡಲು ರಿಮೋಟ್‌ನಿಂದ ಆಫ್ ಮಾಡುತ್ತಾರೆ, ಸದ್ದು ನಿಲ್ಲದಿದ್ದರೆ "ಬಾಕ್ಸ್‌ದೇನೂ ತಪ್ಪಿಲ್ಲ ಬಿಡಿ" ಎನ್ನುತ್ತಾರೆ. ರಿಮೋಟ್ ಇರಲಿ, ಗೋಡೆಯ ಸ್ವಿಚ್ ಆರಿಸಿದರೂ ಜಾಲರಿ ಬಾಕ್ಸಿನ ಲೋಹಕ್ಕೆ ಅಂಟಿಕೊಂಡೇ ಇರುತ್ತದೆ. ಸ್ವಿಚ್ಚು ಕತ್ತರಿಸುವುದು ಫೇಸ್ ತಂತಿಯನ್ನು ಮಾತ್ರ, ಗುಂಯ್ ಹರಿಯುವುದು ಹೊದಿಕೆಯಲ್ಲಿ. ಬಾಕ್ಸಿನ ಹಿಂದಿರುವ ಗುಂಡನೆಯ ಸ್ಕ್ರೂ ಕನೆಕ್ಟರನ್ನು ಕೈಯಿಂದ ಪೂರ್ತಿ ಬಿಚ್ಚಿ, ವೈರು ಎಲ್ಲೂ ತಾಗದಂತೆ ದೂರ ಹಿಡಿಯಬೇಕು.

ಹಾಗೆ ಮಾಡುವಾಗ ಆಂಪ್ಲಿಫೈಯರ್ ಆನ್ ಇರಲಿ, ವಾಲ್ಯೂಮ್ ಎಂದಿನಷ್ಟಿರಲಿ. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಒಂದು ಕೈಯಲ್ಲಿ ಕನೆಕ್ಟರ್, ಇನ್ನೊಂದರಲ್ಲಿ ಬಾಕ್ಸಿನ ಲೋಹ ಹಿಡಿಯಬೇಡಿ. ಬಿಚ್ಚಿದ ಕ್ಷಣವೇ ಸದ್ದು ನಿಂತರೆ ಕಳ್ಳ ಸಿಕ್ಕ. ಕನೆಕ್ಟರಿನ ಹೊರ ಉಂಗುರವನ್ನಷ್ಟೇ ಬಾಕ್ಸಿನ ಲೋಹಕ್ಕೆ ಮುಟ್ಟಿಸಿ ನೋಡಿ, ಸದ್ದು ಮರಳಿದರೆ ಸಂಶಯವೇ ಇಲ್ಲ. ಬಿಚ್ಚಿದ ಮೇಲೂ ಗುಂಯ್ ಇದ್ದರೆ ಕನ್ಸೋಲಿನ ಎಚ್‌ಡಿಎಂಐ, ಆಮೇಲೆ ಟಿವಿಯ ಆಡಿಯೋ ವೈರು, ಹೀಗೆ ಒಂದೊಂದನ್ನೇ ಕಿತ್ತು ನೋಡಿ. ಎರಡನ್ನು ಒಟ್ಟಿಗೆ ಕೀಳಬೇಡಿ.

ಮಲ್ಟಿಮೀಟರ್ ಇದ್ದರೆ ಎಸಿ ವೋಲ್ಟ್‌ಗೆ ಇಟ್ಟು, ಬಿಚ್ಚಿದ ಕನೆಕ್ಟರಿನ ಉಂಗುರಕ್ಕೂ ಬಾಕ್ಸಿನ ಲೋಹಕ್ಕೂ ನಡುವೆ ಅಳೆಯಿರಿ. ಒಂದೆರಡು ವೋಲ್ಟ್ ಆದರೆ ಐಸೊಲೇಟರ್ ಕೆಲಸ. ಹತ್ತಾರು ವೋಲ್ಟ್ ತೋರಿಸಿದರೆ ಒಂದೋ ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇಲ್ಲ, ಇಲ್ಲವೇ ಬೇರೊಬ್ಬರ ಮನೆಯ ದೋಷ ಕೇಬಲ್ ಜಾಲರಿಗೆ ಹತ್ತಿದೆ. ಮೊದಲು ಎಲೆಕ್ಟ್ರಿಷಿಯನ್, ಆಮೇಲೆ ಕೇಬಲ್‌ನವರು. ನಿಯಾನ್ ಟೆಸ್ಟರ್ ಇಲ್ಲಿ ಕೆಲಸಕ್ಕೆ ಬಾರದು, ಅಡಾಪ್ಟರುಗಳಿಂದ ಸೋರುವ ಚೂರು ಕರೆಂಟಿಗೂ ಅದು ಹೊಳೆಯುತ್ತದೆ.

ಆಂಪ್ಲಿಫೈಯರಿನ ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿ "ಸರಿಹೋಯ್ತು" ಎನ್ನುವವರಿದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಒಳಗೆ ಎಂದಾದರೂ ಫೇಸ್ ತಂತಿ ಲೋಹಕ್ಕೆ ತಾಗಿದರೆ ಆ ಕರೆಂಟು ಹಿಡಿಯುವುದು ನಿಮ್ಮ ಕೈಯನ್ನು. ಬೇಡವೇ ಬೇಡ.

ಹಂತ 4. ಐಸೊಲೇಟರ್ ಆರಿಸುವ ಮೊದಲು ಆಂಪ್ಲಿಫೈಯರ್ ಅಥವಾ ಸೌಂಡ್‌ಬಾರ್‌ನ ಹಿಂದೆ ಆಪ್ಟಿಕಲ್ ಇನ್‌ಪುಟ್ ಇದೆಯೇ ನೋಡಿ. ಇದ್ದರೆ ಆಡಿಯೋ ವೈರ್ ಎಸೆದು ಟಿವಿಯ ಆಪ್ಟಿಕಲ್ ಔಟ್‌ನಿಂದ ಬೆಳಕಿನ ಕೇಬಲ್ ಹಾಕಿ. ಅದರಲ್ಲಿ ಲೋಹದ ಸಂಪರ್ಕವೇ ಇಲ್ಲ, ಟಿವಿಯ ಮೂಲಕ ಬರುವ ಕನ್ಸೋಲಿನ ಸದ್ದೂ ಅದರಲ್ಲೇ ಬರುತ್ತದೆ. ನನ್ನ ಮೊದಲ ಆಯ್ಕೆ ಇದೇ.

ಅದಿಲ್ಲದಿದ್ದರೆ ಕೇಬಲ್ ವೈರಿಗೇ ಕೋಯಾಕ್ಸ್ ಐಸೊಲೇಟರ್. ಒಳಗೆ ನಡುತಂತಿಯ ದಾರಿಯಲ್ಲೂ ಜಾಲರಿಯ ದಾರಿಯಲ್ಲೂ ಸಣ್ಣ ಕೆಪಾಸಿಟರುಗಳಿರುತ್ತವೆ. ಅವು ಚಾನೆಲ್‌ಗಳ ಸಿಗ್ನಲನ್ನು ಬಿಟ್ಟು 50 ಹರ್ಟ್ಸ್ ಅನ್ನು ತಡೆಯುತ್ತವೆ. ಪ್ಯಾಕೆಟ್ಟಿನ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಎಂದಿರಲಿ. ಅದೇ ವೈರಿನಲ್ಲಿ ಇಂಟರ್ನೆಟ್ ಮೋಡೆಮ್ ಕೂಡ ಇದ್ದರೆ ಕೆಳಗಿನ ಆ 5 ಮೆಗಾಹರ್ಟ್ಸ್ ಬಹಳ ಮುಖ್ಯ, ಮನೆಯಿಂದ ಹೊರಗೆ ಹೋಗುವ ಸಿಗ್ನಲ್ ಕೆಳಗಿನ ಭಾಗದಲ್ಲೇ ಇರುತ್ತದೆ.

ಐಸೊಲೇಟರ್ ಕೈಗೆ ಸಿಕ್ಕ ತಕ್ಷಣ ಮಲ್ಟಿಮೀಟರನ್ನು ಬೀಪ್ ಸ್ಥಾನದಲ್ಲಿಟ್ಟು ಒಂದು ತುದಿಯ ಲೋಹಕ್ಕೂ ಇನ್ನೊಂದು ತುದಿಯ ಲೋಹಕ್ಕೂ ಹಿಡಿಯಿರಿ. ಬೀಪ್ ಎಂದರೆ ಅದು ಬರೀ ಜೋಡಣೆ ಅಥವಾ ಸರ್ಜ್ ಪ್ರೊಟೆಕ್ಟರ್, ವಾಪಸ್ ಕೊಡಿ. ಐಸೊಲೇಟರ್ ಹೆಸರಿನಲ್ಲಿ ಇಂಥವು ಧಾರಾಳವಾಗಿ ಮಾರಾಟವಾಗುತ್ತವೆ. ಕೋಯಾಕ್ಸ್ ಐಸೊಲೇಟರ್ ಕೇಬಲ್ ಟಿವಿಗೆ ಮಾತ್ರ. ಡಿಟಿಎಚ್‌ಗೆ ಹಾಕಿದರೆ ಚಿತ್ರವೇ ಬರದು, ಏಕೆಂದರೆ ಬಾಕ್ಸಿನಿಂದ ಡಿಶ್‌ಗೆ ಹೋಗುವ 13 ಅಥವಾ 18 ವೋಲ್ಟ್ ಡಿಸಿಯನ್ನು ಐಸೊಲೇಟರ್ ತಡೆದುಬಿಡುತ್ತದೆ.

ಡಿಟಿಎಚ್ ಮನೆಯಲ್ಲಿ ಆಪ್ಟಿಕಲ್ ಇಲ್ಲವೆಂದರೆ ಉಳಿಯುವುದು ಆಡಿಯೋ ಐಸೊಲೇಟರ್. ಒಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಟಿವಿಗೂ ಆಂಪ್ಲಿಫೈಯರ್‌ಗೂ ನಡುವೆ ಹಾಕಬೇಕು. ಅಗ್ಗದವು ಗುಂಯ್ ಜೊತೆ ಬಾಸನ್ನೂ ನುಂಗುತ್ತವೆ, ಆಟದ ಸ್ಫೋಟದ ಸದ್ದು ತೆಳುವಾಗುತ್ತದೆ. ಸ್ಪೀಕರ್ ವೈರಿಗೆ ಇದನ್ನು ಎಂದೂ ಹಾಕಬೇಡಿ.

ಹಂತ 5. ಕೋಯಾಕ್ಸ್ ಐಸೊಲೇಟರನ್ನು ಬಾಕ್ಸಿನ ಪಕ್ಕದಲ್ಲೇ ತಿರುಗಿಸಿ. ಸ್ಪ್ಲಿಟರ್ ಇದ್ದರೆ ಅದರ ನಂತರ, ಗುಂಯ್ ಇರುವ ಕವಲಿಗೆ. ಗುಡುಗು ಬಂದಾಗ ವೈರ್ ಕೀಳುವ ಅಭ್ಯಾಸ ಬಿಡಬೇಡಿ, ಐಸೊಲೇಟರ್ ಸಿಡಿಲಿಗೆ ತಡೆಯಲ್ಲ.

ಹಾಕಿದ ಮೇಲೆ ಕನ್ಸೋಲಿನ ಲೋಹ ಮುಟ್ಟಿದರೆ ಜುಮ್ ಎನ್ನತೊಡಗಿದರೆ ಸಾಕೆಟ್ಟಿನ ಅರ್ಥಿಂಗ್ ಸತ್ತಿದೆ ಎಂದರ್ಥ. ಅಡಾಪ್ಟರುಗಳ ಸೋರಿಕೆಗೆ ಅಲ್ಲಿಯವರೆಗೆ ದಾರಿ ಕೊಟ್ಟಿದ್ದು ಕೇಬಲ್ ಜಾಲರಿಯೇ, ನೀವು ಅದನ್ನು ಮುಚ್ಚಿದಿರಿ. ಐಸೊಲೇಟರ್ ತೆಗೆದು ಎಲೆಕ್ಟ್ರಿಷಿಯನ್ ಕರೆಸಿ. ಇನ್ನು ಎಲ್ಲ ಸರಿಯಿದ್ದೂ ಗುಂಯ್ ಮರಳಿದರೆ ಕೇಬಲ್ ಮೋಡೆಮ್‌ನಿಂದ ಕನ್ಸೋಲಿಗೆ ಹೋಗುವ ಲ್ಯಾನ್ ವೈರ್ ನೋಡಿ. ಅದರ ತುದಿಯಲ್ಲಿ ಲೋಹದ ಕವಚವಿದ್ದರೆ ಕತ್ತರಿಸಿದ ಸುತ್ತು ಆ ದಾರಿಯಲ್ಲಿ ಮತ್ತೆ ಕೂಡಿಕೊಂಡಿದೆ. ಪ್ಲಾಸ್ಟಿಕ್ ತುದಿಯ ಸಾಮಾನ್ಯ ಲ್ಯಾನ್ ವೈರ್ ಹಾಕಿ.