ಔಡಲ ಮೊಳಕೆಯಿಂದ ಗ್ಲೈಆಕ್ಸಿಸೋಮ್ ಬೇರೆ ಮಾಡಿದ್ದು: ನನ್ನ ಅನುಭವ

ನಮ್ಮ ಕಲಬುರಗಿ ಕಡೆ ಔಡಲ ಬೀಜ ಸುಲಭವಾಗಿ ಸಿಗುತ್ತದೆ. ಕತ್ತಲಲ್ಲಿ 30 ಡಿಗ್ರಿಗೆ ಇಟ್ಟು 5 ದಿನ ಮೊಳಕೆ ಬರಿಸಿದರೆ ಒಳಗಿನ ಬಿಳಿ ತಿರುಳಿನಲ್ಲಿ ಗ್ಲೈಆಕ್ಸಿಸೋಮ್ ಅನ್ನೋ ಜೀವಕೋಶದೊಳಗಿನ ಪುಟ್ಟ ಚೀಲಗಳು ತುಂಬಿರುತ್ತವೆ. ಎಣ್ಣೆಯಿಂದ ಸಕ್ಕರೆ ಆಗುವ ಕೆಲಸದಲ್ಲಿ ಒಂದು ಪಾಲು ಇವುಗಳದ್ದೇ. ಈ ಬೀಜದಲ್ಲಿ ರೈಸಿನ್ ಅನ್ನೋ ವಿಷ ಇದೆ, ಕೈಗವಸು ಹಾಕಿಕೊಂಡೇ ಮುಟ್ಟಿ.

ತಿರುಳನ್ನು ಮಿಕ್ಸಿಗೆ ಹಾಕಬೇಡಿ, ಎಲ್ಲಾ ಒಡೆದು ಹೋಗುತ್ತದೆ. ನಾನು ತಣ್ಣನೆ ಬಫರ್‌ನಲ್ಲಿ ಬ್ಲೇಡಿನಿಂದ ಕೊಚ್ಚಿ, ಸೋಸಿ, 270 ಜಿ ಬಲದಲ್ಲಿ 10 ನಿಮಿಷ ತಿರುಗಿಸಿ, ಮೇಲೆ ತೇಲುವ ಕೊಬ್ಬನ್ನು ಬಿಟ್ಟು ಕೆಳಗಿನ ದ್ರವ ತೆಗೆದುಕೊಂಡೆ.

ಈ ದ್ರವವನ್ನು ಟ್ಯೂಬಿನಲ್ಲಿ ಸುಕ್ರೋಸ್ ಪದರಗಳ ಮೇಲೆ ಹಾಕಬೇಕು. ಪದರಗಳು ಕೆಳಗಿನಿಂದ ಮೇಲಕ್ಕೆ ಶೇ. 57, 50, 44, 36. ಇವೆಲ್ಲಾ ತೂಕದ ಲೆಕ್ಕ: 57 ಅಂದರೆ 57 ಗ್ರಾಂ ಸುಕ್ರೋಸ್, 43 ಗ್ರಾಂ ಬಫರ್. 100 ಮಿಲಿಗೆ ಇಷ್ಟು ಗ್ರಾಂ ಅಂತ ಮಾಡಿದರೆ ಸಾಂದ್ರತೆ ಕಡಿಮೆಯಾಗಿ, ನಿಲ್ಲಬೇಕಾದ ಪಟ್ಟಿ ತಳಕ್ಕೆ ಇಳಿಯುತ್ತದೆ. ಟ್ಯೂಬನ್ನು ಸ್ವಲ್ಪ ಓರೆ ಹಿಡಿದು, ಪಿಪೆಟ್ ತುದಿಯನ್ನು ದ್ರವದ ಮಟ್ಟಕ್ಕೆ ಸ್ವಲ್ಪ ಮೇಲೆ ಗೋಡೆಗೆ ತಾಗಿಸಿ, ನಿಧಾನವಾಗಿ ಬಿಡಬೇಕು. ಬೆಳಕಿಗೆ ಹಿಡಿದಾಗ ಎರಡು ಪದರಗಳ ನಡುವೆ ಚೂಪಾದ ಗೆರೆ ಕಂಡರೆ ಸರಿ, ಗೆರೆ ಮಸುಕಾಗಿ ಅಲೆಅಲೆಯಾಗಿದ್ದರೆ ಕಲಸಿ ಹೋಗಿದೆ ಅಂತ ಅರ್ಥ, ಆ ಟ್ಯೂಬ್ ಬದಿಗಿಡಿ. ನಮ್ಮ ಬೇಸಿಗೆಯಲ್ಲಂತೂ ಸಕ್ಕರೆ ದ್ರಾವಣವನ್ನೂ ಮುಂಚೆಯೇ ತಣ್ಣಗೆ ಮಾಡಿಟ್ಟಿರಬೇಕು. ಎದುರಿನ ಟ್ಯೂಬಿಗೆ ಸುಮ್ನೆ ನೀರು ತುಂಬಿ ತೂಕ ಸರಿದೂಗಿಸಬಾರದು, ಅದರಲ್ಲೂ ಇದೇ ಪದರಗಳಿರಬೇಕು.

ಸ್ವಿಂಗಿಂಗ್ ಬಕೆಟ್ ರೋಟರ್‌ನಲ್ಲಿ ಸುಮಾರು 80,000 ಜಿ, 4 ಡಿಗ್ರಿ, 3 ಗಂಟೆ. ನಿಲ್ಲಿಸುವಾಗ ಬ್ರೇಕ್ ಹಾಕಲಿಲ್ಲ.

ಟ್ಯೂಬಿನಲ್ಲಿ ಬಿಳಿ ಪಟ್ಟಿಗಳು ಕಾಣುತ್ತವೆ. ಆದರೆ ಕಣ್ಣನ್ನೇ ನಂಬಿ ಹೆಸರು ಕೊಡಬೇಡಿ. ಮೆಟ್ಟಿಲು ಮೆಟ್ಟಿಲಾಗಿ ಹಾಕಿದ ಪದರಗಳಲ್ಲಿ ಏನೇ ಆದರೂ ಗಡಿಗೆ ಬಂದು ನಿಲ್ಲುತ್ತದೆ, ಅಲ್ವಾ? ನಾನು ಮೇಲಿನಿಂದ 1 ಮಿಲಿಯಂತೆ ತೆಗೆದೆ. ತುದಿ ಯಾವಾಗಲೂ ದ್ರವದ ಮೇಲ್ಮೈಯಲ್ಲೇ ಇರಬೇಕು, ಕೆಳಗೆ ಹೋದಂತೆ ದ್ರವ ಗಟ್ಟಿಯಾಗುವುದರಿಂದ ಪಿಪೆಟ್ ಗುಂಡಿಯನ್ನು ಇನ್ನೂ ನಿಧಾನ ಬಿಡಬೇಕು. ಆಮೇಲೆ ಪ್ರತಿ ಫ್ರ್ಯಾಕ್ಷನ್‌ನ ಒಂದು ಹನಿಯನ್ನು ಬ್ರಿಕ್ಸ್ ಮೀಟರ್ ಮೇಲೆ ಹಾಕಿದೆ, ಕಬ್ಬಿನ ರಸ ನೋಡುತ್ತಾರಲ್ಲ, ಅಂಥದ್ದೇ, ಆದರೆ 60ರವರೆಗೂ ಓದುವ ಮೀಟರ್. ಇನ್ನೊಂದು ಹನಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದೆ.

54ರ ಆಸುಪಾಸು ಬ್ರಿಕ್ಸ್ ತೋರಿಸಿದ ಫ್ರ್ಯಾಕ್ಷನ್‌ನಲ್ಲಿ ಬುಸುಬುಸು ನೊರೆ ಬಂತು. ಅದರ ಸಾಂದ್ರತೆ ಸುಮಾರು 1.25, ಗ್ಲೈಆಕ್ಸಿಸೋಮ್ ನಿಲ್ಲುವ ಜಾಗವೇ. ನೊರೆ ಅದರೊಳಗಿನ ಕ್ಯಾಟಲೇಸ್ ಅನ್ನೋ ಕಿಣ್ವದ್ದು. ಮೈಟೋಕಾಂಡ್ರಿಯ ಅದಕ್ಕಿಂತ ಮೇಲೆ, 1.19ರ ಹತ್ತಿರ ಇರುತ್ತವೆ, ಅವನ್ನು ಅವುಗಳ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವ ನೋಡಿಯೇ ಖಚಿತ ಮಾಡಬೇಕು. ತೀರಾ ಮೇಲಿನ ಫ್ರ್ಯಾಕ್ಷನ್‌ಗಳಲ್ಲೂ ನೊರೆ ಬರುತ್ತದೆ, ಅದು ಒಡೆದ ಗ್ಲೈಆಕ್ಸಿಸೋಮ್‌ನಿಂದ ಸೋರಿದ್ದು. ಮೇಲೆಯೇ ಜಾಸ್ತಿ ಇದ್ದರೆ ಕೊಚ್ಚಿದ್ದು ಒರಟಾಯಿತು ಅಂತ ತಿಳಿಯಬಹುದು.

ಸಿಕ್ಕಿದ ಫ್ರ್ಯಾಕ್ಷನ್‌ಗೆ ಒಮ್ಮೆಲೇ ಬಫರ್ ಸುರಿದರೆ ನೀರು ಒಳಗೆ ನುಗ್ಗಿ ಅವು ಒಡೆಯುತ್ತವೆ. ಹನಿಹನಿಯಾಗಿ, ಐಸ್ ಮೇಲಿಟ್ಟು ಸೇರಿಸಿ.