ಪ್ರಶ್ನೆ ಫೋಟೊದಲ್ಲಿದೆ, ಓದಿ ಹೇಳುವುದು ಹೇಗೆ?

ಕಣ್ಣು ಸರಿಯಾಗಿ ಕಾಣದ ವಿದ್ಯಾರ್ಥಿಗೆ ಹಳೆಯ ಪ್ರಶ್ನೆಪತ್ರಿಕೆ ಸಿಗುವುದು ಹೆಚ್ಚಾಗಿ ಫೋಟೊ ರೂಪದಲ್ಲೇ. ಯಾರೋ ವಾಟ್ಸಾಪ್ ಗುಂಪಿಗೆ ಹಾಕಿರುತ್ತಾರೆ. ಮೆಸೇಜ್ ಓದಿ ಹೇಳುವ ಟಾಕ್‌ಬ್ಯಾಕ್‌ಗೂ ಅದು ಹೆಚ್ಚಾಗಿ ಬರೀ ಒಂದು ಚಿತ್ರ. ದೊಡ್ಡದು ಮಾಡಿದರೆ ಒಂದು ಸಾಲು ಕಾಣುತ್ತದೆ, ಮುಂದಿನ ಸಾಲಿಗೆ ಹೋಗುವಷ್ಟರಲ್ಲಿ ಹಿಂದಿನದು ತಪ್ಪಿಹೋಗುತ್ತದೆ. ಹಾಗಾಗಿ ಆ ಫೋಟೊ ನಿಮಗೆ ಬರುತ್ತದೆ: "ಅಕ್ಕಾ, ಇದನ್ನ ಓದಿ ಕಳಿಸ್ತೀರಾ?"

ಮೊದಲು ಬಾಯಿ ತೆರೆಯಬೇಡಿ, ಕಣ್ಣಲ್ಲೇ ಒಮ್ಮೆ ಪೂರ್ತಿ ಓದಿ. ಪ್ರಶ್ನೆಯ ಕೊನೆ ಮುಂದಿನ ಪುಟಕ್ಕೆ ಹೋಗಿದೆಯಾ? ನಾಲ್ಕನೇ ಆಯ್ಕೆ ಫೋಟೊದ ಅಂಚಿನಲ್ಲಿ ಕತ್ತರಿಸಿದೆಯಾ? ಮಬ್ಬು ಫೋಟೊದಲ್ಲಿ ಕನ್ನಡ ಕೈಕೊಡುವ ಜಾಗಗಳು ಬೇರೆ. ಬ ಮತ್ತು ಭ, ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಸೀಳು ಮಾತ್ರ. ಕನ್ನಡ ಅಂಕಿ ೬ ಮತ್ತು ೯ ಕೂಡ ಹಾಗೇ ಮೋಸ ಮಾಡುತ್ತವೆ. ಕಾಣದಿದ್ದರೆ ಊಹಿಸಿ ಓದಬೇಡಿ. "ಮೂರನೇ ಆಯ್ಕೆಯ ಕೊನೆಯ ಪದ ನೆರಳಲ್ಲಿದೆ, ಓದಲು ಆಗುತ್ತಿಲ್ಲ" ಎಂದು ಹೇಳಿ, ಇನ್ನೊಂದು ಫೋಟೊ ಕೇಳಿ.

ಹಳೆಯ ಪತ್ರಿಕೆಯಲ್ಲಿ ಯಾರೋ ಪೆನ್ಸಿಲ್‌ನಿಂದ ಒಂದು ಉತ್ತರಕ್ಕೆ ಟಿಕ್ ಹಾಕಿರುವುದೂ ಉಂಟು. ಅದರ ಸುದ್ದಿ ಎತ್ತಬೇಡಿ. ಆ ಟಿಕ್ ತಪ್ಪೂ ಇರಬಹುದು, ಅಲ್ವಾ?

ಈಗ ಓದುವುದಕ್ಕೆ ಬನ್ನಿ. ಕಣ್ಣಿದ್ದವರು ಪುಟ ನೋಡಿದ ಕೂಡಲೇ ಇದು ಹೊಂದಿಸಿ ಬರೆಯುವುದು, ಇದು ಹೇಳಿಕೆ ಪ್ರಶ್ನೆ ಎಂದು ಗುರುತಿಸಿಬಿಡುತ್ತಾರೆ. ಕೇಳುವವರಿಗೆ ಅದು ಕೊನೆಯವರೆಗೂ ಗೊತ್ತಾಗುವುದಿಲ್ಲ. ಅದಕ್ಕೇ ಶುರುವಿನಲ್ಲೇ ನಕ್ಷೆ ಕೊಡಿ: "ಪ್ರಶ್ನೆ 27. ಹೊಂದಿಸಿ ಬರೆಯುವ ಪ್ರಶ್ನೆ. ಎರಡು ಪಟ್ಟಿ ಇವೆ, ಒಂದೊಂದರಲ್ಲಿ ನಾಲ್ಕು ಹೆಸರು. ಆಮೇಲೆ ನಾಲ್ಕು ಆಯ್ಕೆ." ಇಷ್ಟು ಕೇಳಿದರೆ ಏನನ್ನು ನೆನಪಿಟ್ಟುಕೊಳ್ಳಬೇಕು ಎಂದು ಮನಸ್ಸು ಮೊದಲೇ ಸಿದ್ಧವಾಗುತ್ತದೆ.

ಇಂಥ ಒಂದು ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೊದಲ ಪಟ್ಟಿಯಲ್ಲಿ ಅಣೆಕಟ್ಟುಗಳು: ಎ ಲಿಂಗನಮಕ್ಕಿ, ಬಿ ಸೂಪಾ, ಸಿ ಹಿಡಕಲ್, ಡಿ ನವಿಲುತೀರ್ಥ. ಎರಡನೆಯದರಲ್ಲಿ ನದಿಗಳು: 1 ಮಲಪ್ರಭಾ, 2 ಶರಾವತಿ, 3 ಘಟಪ್ರಭಾ, 4 ಕಾಳಿ. ಆಯ್ಕೆಗಳಿಗೂ 1ರಿಂದ 4ರವರೆಗೆ ಅಂಕಿ ಹಾಕಿದ್ದಾರೆ. ತೊಡಕು ಇರುವುದು ಇಲ್ಲೇ. ಸುಮ್ನೆ "ಒಂದು, ನಾಲ್ಕು ಎರಡು ಮೂರು ಒಂದು" ಎಂದು ಓದಿದರೆ ಯಾವ ಒಂದು ಆಯ್ಕೆಯದ್ದು, ಯಾವ ಒಂದು ನದಿಯದ್ದು ಎಂದು ದೇವರಿಗೇ ಗೊತ್ತು. ಆದ್ದರಿಂದ ಪ್ರತಿ ಅಂಕಿಗೂ ಅದರ ಮನೆ ಹೇಳಿ. ಹೀಗೆ:

"ಮೊದಲ ಪಟ್ಟಿ, ಅಣೆಕಟ್ಟುಗಳು. ಎ, ಲಿಂಗನಮಕ್ಕಿ. ಬಿ, ಸೂಪಾ. ಸಿ, ಹಿಡಕಲ್. ಡಿ, ನವಿಲುತೀರ್ಥ. ಮೊದಲ ಪಟ್ಟಿ ಮುಗಿಯಿತು. ಎರಡನೇ ಪಟ್ಟಿ, ನದಿಗಳು. ನದಿ ಒಂದು, ಮಲಪ್ರಭಾ. ನದಿ ಎರಡು, ಶರಾವತಿ. ನದಿ ಮೂರು, ಘಟಪ್ರಭಾ. ನದಿ ನಾಲ್ಕು, ಕಾಳಿ. ಎರಡನೇ ಪಟ್ಟಿ ಮುಗಿಯಿತು."

ಇಲ್ಲಿಗೆ ಒಂದು ವಾಯ್ಸ್ ಮೆಸೇಜ್ ಮುಗಿಸಿ. ಆಯ್ಕೆಗಳನ್ನು ಇನ್ನೊಂದರಲ್ಲಿ ಕಳಿಸಿ: "ಆಯ್ಕೆ ಒಂದು. ಎಗೆ ನಾಲ್ಕು, ಬಿಗೆ ಎರಡು, ಸಿಗೆ ಮೂರು, ಡಿಗೆ ಒಂದು. ಆಯ್ಕೆ ಎರಡು. ಎಗೆ ಎರಡು, ಬಿಗೆ ನಾಲ್ಕು, ಸಿಗೆ ಒಂದು, ಡಿಗೆ ಮೂರು. ಆಯ್ಕೆ ಮೂರು. ಎಗೆ ಎರಡು, ಬಿಗೆ ನಾಲ್ಕು, ಸಿಗೆ ಮೂರು, ಡಿಗೆ ಒಂದು. ಆಯ್ಕೆ ನಾಲ್ಕು. ಎಗೆ ಎರಡು, ಬಿಗೆ ಮೂರು, ಸಿಗೆ ನಾಲ್ಕು, ಡಿಗೆ ಒಂದು."

ಎರಡು ಮೆಸೇಜ್ ಯಾಕೆ? ಲಿಂಗನಮಕ್ಕಿ ಶರಾವತಿಗೆ ಎಂದು ಗೊತ್ತಿರುವವರು ಪಟ್ಟಿಯನ್ನು ಒಮ್ಮೆ ಕೇಳಿ, ಆಯ್ಕೆಗಳನ್ನು ಮಾತ್ರ ಮತ್ತೆ ಮತ್ತೆ ಕೇಳುತ್ತಾರೆ. ಎಲ್ಲವೂ ಒಂದೇ ಮೆಸೇಜಿನಲ್ಲಿದ್ದರೆ ಪ್ರತಿ ಸಲ ಶುರುವಿನಿಂದ ಕೇಳಬೇಕು, ಇಲ್ಲವೇ ಆ ಸಣ್ಣ ಗೆರೆಯ ಮೇಲೆ ಬೆರಳಾಡಿಸಿ ಜಾಗ ಹುಡುಕಬೇಕು. ಕಣ್ಣು ಕಾಣದವರಿಗೆ ಅದು ದೊಡ್ಡ ಕಿರಿಕಿರಿ. ಮಾಮೂಲಿ ನಾಲ್ಕು ಆಯ್ಕೆಯ ಪ್ರಶ್ನೆಗೆ ಒಂದೇ ಮೆಸೇಜ್ ಸಾಕು. ಆದರೆ ಒಂದು ಮೆಸೇಜಿನಲ್ಲಿ ಹತ್ತು ಪ್ರಶ್ನೆ ತುರುಕಬೇಡಿ. ಪ್ರತಿ ಮೆಸೇಜಿಗೂ ಮುಂಚೆ "ಪ್ರಶ್ನೆ 27" ಎಂದು ಟೈಪ್ ಮಾಡಿ ಹಾಕಿ. ಟಾಕ್‌ಬ್ಯಾಕ್ ಅದನ್ನು ಓದುತ್ತದೆ, ಬೇಕಾದ ಪ್ರಶ್ನೆ ಕೂಡಲೇ ಸಿಗುತ್ತದೆ.

ಬಿ ಮತ್ತು ಡಿ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಆಯ್ಕೆಗಳ ಹೆಸರೇ ಎ, ಬಿ, ಸಿ, ಡಿ ಆಗಿದ್ದರೆ "ಬೆಂಗಳೂರಿನ ಬಿ", "ದಾವಣಗೆರೆಯ ಡಿ" ಎಂದು ಮೊದಲ ಸಲ ಹೇಳಿಬಿಡಿ.

ವೇಗ ಎಷ್ಟಿರಬೇಕು? ವಾರ್ತೆ ಓದುವಷ್ಟು ಜೋರೂ ಬೇಡ, ಉಕ್ತಲೇಖನ ಕೊಡುವಷ್ಟು ನಿಧಾನವೂ ಬೇಡ. ವಾಟ್ಸಾಪ್‌ನಲ್ಲಿ ಒಂದೂವರೆ ಪಟ್ಟು, ಎರಡು ಪಟ್ಟು ವೇಗದಲ್ಲಿ ಕೇಳುವ ಅನುಕೂಲವಿದೆ. ಬೇಕಾದವರು ಅವರೇ ಓಡಿಸಿಕೊಳ್ಳುತ್ತಾರೆ. ನೀವು ಪದದ ಕೊನೆ ನುಂಗದಿದ್ದರೆ ಸಾಕು. ಕನ್ನಡದಲ್ಲಿ ಅರ್ಥವೆಲ್ಲ ಬಾಲದಲ್ಲೇ ಇರುತ್ತದೆ: "ಯಾವುದು" ಬೇರೆ, "ಯಾವುದೂ" ಬೇರೆ. "ಸರಿಯಾದ ಹೇಳಿಕೆ" ಮತ್ತು "ಸರಿಯಲ್ಲದ ಹೇಳಿಕೆ" ಅವಸರದಲ್ಲಿ ಒಂದೇ ಆಗಿ ಕೇಳಿಸುತ್ತವೆ. ಅಲ್ಲ, ಇಲ್ಲ, ಹೊರತುಪಡಿಸಿ, ಮಾತ್ರ ಎಂಬ ಪದಗಳು ಬಂದಾಗ ಆ ವಾಕ್ಯವನ್ನು ಎರಡು ಸಲ ಓದಿ.

ಒತ್ತಿ ಹೇಳಬಾರದ ಜಾಗವೂ ಇದೆ. ಉತ್ತರ ಗೊತ್ತಿರುವವರ ದನಿ ಸರಿಯಾದ ಆಯ್ಕೆಗೆ ಬಂದಾಗ ತಾನಾಗಿಯೇ ಸ್ವಲ್ಪ ಏರುತ್ತದೆ, ಇಲ್ಲವೇ ಒಂದು ಗಳಿಗೆ ನಿಲ್ಲುತ್ತದೆ. ವಿದ್ಯಾರ್ಥಿಗಳ ಕಿವಿ ಬಹಳ ಚುರುಕು, ಅದನ್ನು ಹಿಡಿದುಬಿಡುತ್ತಾರೆ. ಹಾಗಾದರೆ ಅಭ್ಯಾಸವೇ ಕೆಟ್ಟಂತೆ, ಪರೀಕ್ಷೆಯ ದಿನ ಪ್ರಶ್ನೆ ಓದಿ, ಉತ್ತರ ಬರೆದುಕೊಡುವ ಸ್ಕ್ರೈಬ್‌ನ ದನಿಯಲ್ಲಿ ಆ ಸುಳಿವು ಇರುವುದಿಲ್ಲ. ನಾಲ್ಕೂ ಆಯ್ಕೆಗಳನ್ನು ಒಂದೇ ದನಿಯಲ್ಲಿ, ಒಂದೇ ಅಂತರ ಬಿಟ್ಟು ಓದಿ. ಕಷ್ಟದ ಪದಕ್ಕೆ ಅರ್ಥ ಸೇರಿಸಬೇಡಿ, ವಾಕ್ಯ ಒರಟಾಗಿದ್ದರೂ ತಿದ್ದಬೇಡಿ. ಅನುವಾದ ಎಡವಟ್ಟಾಗಿದೆ ಅನಿಸಿದರೆ, ಕೇಳಿದವರಿಗೆ ಮಾತ್ರ ಪಕ್ಕದ ಇಂಗ್ಲಿಷ್ ಪ್ರಶ್ನೆಯನ್ನೂ ಓದಿ ಕೊಡಿ.

ದನಿ ಎಷ್ಟು ಸ್ಪಷ್ಟವಾಗಿದ್ದರೂ ಸಾಲದ ಪ್ರಶ್ನೆ ಒಂದಿದೆ, ಕಾಗುಣಿತದ್ದು. "ಸರಿಯಾದ ರೂಪ ಗುರುತಿಸಿ" ಎಂದು ಕೇಳಿ ಆಶೀರ್ವಾದ, ಆಶಿರ್ವಾದ, ಆರ್ಶೀವಾದ, ಆಶೀರ್ವಾಧ ಎಂದು ಕೊಟ್ಟಿದ್ದರೆ ಸುಮ್ಮನೆ ಓದುವುದರಲ್ಲಿ ಅರ್ಥವಿಲ್ಲ. ನಿಮ್ಮ ಉಚ್ಚಾರವೇ ಉತ್ತರ ಹೇಳಿಬಿಡಬಹುದು, ಅಥವಾ ನಾಲ್ಕೂ ಒಂದೇ ಥರ ಕೇಳಿಸಬಹುದು. ಶಾಲೆಯಲ್ಲಿ ಕಲಿತ ಹಾಗೆ ಅಕ್ಷರ ಬಿಡಿಸಿ: "ಆಯ್ಕೆ ಒಂದು. ಆ, ಶೀ ದೀರ್ಘ, ವಾಗೆ ಅರ್ಕಾವತ್ತು, ದ ಅಲ್ಪಪ್ರಾಣ. ಆಯ್ಕೆ ಎರಡು. ಆ, ಶಿ ಹ್ರಸ್ವ, ವಾಗೆ ಅರ್ಕಾವತ್ತು, ದ ಅಲ್ಪಪ್ರಾಣ. ಆಯ್ಕೆ ಮೂರು. ಆ, ಶೀ ದೀರ್ಘ, ಶೀಗೆ ಅರ್ಕಾವತ್ತು, ವಾ, ದ ಅಲ್ಪಪ್ರಾಣ. ಆಯ್ಕೆ ನಾಲ್ಕು. ಆ, ಶೀ ದೀರ್ಘ, ವಾಗೆ ಅರ್ಕಾವತ್ತು, ಧ ಮಹಾಪ್ರಾಣ." ಶ, ಷ, ಸ ಬಂದರೆ "ಶಾಲೆಯ ಶ", "ಷಣ್ಮುಖನ ಷ", "ಸಕ್ಕರೆಯ ಸ" ಅನ್ನಿ.

ಲೆಕ್ಕದ ಪ್ರಶ್ನೆಯಲ್ಲಿ ಆವರಣ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಹೇಳಲೇಬೇಕು. 2(x+3) ಮತ್ತು 2x+3 ಎರಡೂ ಬಾಯಲ್ಲಿ "ಎರಡು ಎಕ್ಸ್ ಪ್ಲಸ್ ಮೂರು" ಆಗಿಬಿಡುತ್ತವೆ.

"ಇನ್ನೊಂದ್ಸಲ" ಎಂದು ಕೇಳಿದರೆ ಯಾವ ಭಾಗ ಎಂದು ಕೇಳಿಕೊಂಡು ಅಷ್ಟನ್ನೇ ಓದಿ, ಮೊದಲು ಬಳಸಿದ ಪದಗಳಲ್ಲೇ. ಹೀಗೆ ಮತ್ತೆ ಮತ್ತೆ ಕೇಳುವುದಕ್ಕೆ ಪರೀಕ್ಷೆಯಲ್ಲೂ ಅವಕಾಶವಿದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಸ್ಕ್ರೈಬ್ ಪಡೆಯಲು ಅರ್ಹರಾದ ಅಭ್ಯರ್ಥಿಗೆ ಪರೀಕ್ಷೆಯ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು. ಮೂರು ಗಂಟೆಯ ಪತ್ರಿಕೆಗೆ ಅದು ಒಂದು ಗಂಟೆ. ಪೂರ್ತಿ ಪ್ರಶ್ನೆಯನ್ನು ಮತ್ತೆ ಓದಿಸದೆ "ಮೂರನೇ ಆಯ್ಕೆ ಮಾತ್ರ ಓದಿ" ಎಂದು ಕೇಳುವುದನ್ನು ವಿದ್ಯಾರ್ಥಿ ನಿಮ್ಮ ಹತ್ತಿರವೇ ರೂಢಿ ಮಾಡಿಕೊಂಡರೆ ಆ ಒಂದು ಗಂಟೆ ಓದಿಸಿಕೊಳ್ಳುವುದರಲ್ಲೇ ಕಳೆದುಹೋಗುವುದಿಲ್ಲ.