ಜಾಲಿಯಲ್ಲಿ ಕೊಳಚೆ ಉಕ್ಕುತ್ತಿದೆಯೇ? ಮೊದಲು ಚೇಂಬರ್ ಹುಡುಕಿ

ಮಂಗಳೂರಿನ ಬಿಜೈಯ ನಮ್ಮ ಮನೆಯಲ್ಲಿ ಎರಡು ವರ್ಷ ಇದೇ ಗೋಳು. ಟಾಯ್ಲೆಟ್ ಫ್ಲಶ್ ಮಾಡಿದರೆ ಬಾತ್‌ರೂಮಿನ ಜಾಲಿಯಲ್ಲಿ ಗುಳುಗುಳು ಸದ್ದು, ಹಿಂದೆಯೇ ಕೊಳಚೆ. ರಾಡ್ ಹಾಕಿಸಿದರೆ ಎರಡು ತಿಂಗಳು ನೆಮ್ಮದಿ, ಆಮೇಲೆ ಮತ್ತೆ ಶುರು. ಪ್ರತಿ ಸಲವೂ ಕೂದಲಿನಂಥ ಕಂದು ಬೇರು ಸಿಕ್ಕಿಕೊಂಡು ಬರುತ್ತಿತ್ತು. ಬೈಗುಳವೆಲ್ಲ ಅಂಗಳದ ಹಲಸಿನ ಮರಕ್ಕೆ. ಮರದ ತಪ್ಪು ಕಡಿಮೆ ಎಂದು ತಿಳಿದದ್ದು ತಡವಾಗಿ.

ಒಂದು ಸಿಂಕ್ ಮಾತ್ರ ಕಟ್ಟಿಕೊಂಡರೆ ದೋಷ ಅಲ್ಲೇ ಹತ್ತಿರದಲ್ಲಿರುತ್ತದೆ. ಎಲ್ಲಿ ನೀರು ಬಿಟ್ಟರೂ ಮನೆಯ ಅತಿ ತಗ್ಗಿನ ಜಾಲಿಯಲ್ಲೇ ಉಕ್ಕುತ್ತಿದ್ದರೆ ಮುಖ್ಯ ಲೈನು ಕಟ್ಟಿದೆ ಎಂದರ್ಥ. ಆಗ ಚೇಂಬರ್ ತೆರೆಯಲೇಬೇಕು. ನಮ್ಮಲ್ಲಿ ಅದು ಇಂಟರ್‌ಲಾಕ್ ಕೆಳಗೆ ಹೂತುಹೋಗಿತ್ತು, ಈಗ ಎಷ್ಟೋ ಅಂಗಳಗಳಲ್ಲಿ ಹೀಗೇ ಅಲ್ವಾ? ಟಾಯ್ಲೆಟ್ ಪೈಪು ಗೋಡೆಯಿಂದ ಹೊರಬರುವ ಜಾಗದ ಹತ್ತಿರ, ಮತ್ತೆ ಲೈನು ತಿರುಗುವ ಮೂಲೆಗಳಲ್ಲಿ ಕಬ್ಬಿಣದ ಸಲಾಕೆಯಿಂದ ಮೆಲ್ಲನೆ ಕುಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಕೆಳಗೆ ಮುಚ್ಚಳ ಇರುವ ಸಾಧ್ಯತೆ ಜಾಸ್ತಿ.

ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಒಳಗೆ ವಿಷಾನಿಲ ಇರಬಹುದು. ಇಳಿಯುವುದು ಬೇಡ, ತಲೆ ಹಾಕುವುದೂ ಬೇಡ, ಬೆಂಕಿಕಡ್ಡಿ ಗೀರುವುದಂತೂ ಬೇಡವೇ ಬೇಡ. ಮೇಲಿನಿಂದ ಟಾರ್ಚ್ ಬಿಟ್ಟು ನೋಡಿ. ಮನೆಯ ಕಡೆಯ ಚೇಂಬರ್ ತುಂಬಿ, ರಸ್ತೆಯ ಕಡೆಯದು ಖಾಲಿ ಇದ್ದರೆ ಎರಡರ ನಡುವಿನ ಪೈಪಿನಲ್ಲಿ ತಡೆ ಇದೆ. ಎರಡೂ ತುಂಬಿದ್ದರೆ ತಡೆ ಅದಕ್ಕೂ ಮುಂದೆ. ರಸ್ತೆಯ ಲೈನು ಪಾಲಿಕೆಯದು, ಅಂಗಳ ಅಗೆಯುವ ಮೊದಲು ಅಲ್ಲಿಗೆ ದೂರು ಕೊಡಿ.

ನಮ್ಮಲ್ಲಿ ರಸ್ತೆಯ ಕಡೆಯದು ಖಾಲಿ. ಅಲ್ಲಿಂದಲೇ ರಾಡ್ ತಳ್ಳಿಸಿದೆವು. ತಡೆ ಬಿಟ್ಟಾಗ ಕೊಳಚೆ ಒಮ್ಮೆಲೇ ನುಗ್ಗುತ್ತದೆ, ಬದಿಗೆ ನಿಲ್ಲಬೇಕು. ರಾಡ್ ತಡೆಗೆ ತಾಗಿದಾಗ, ಪೈಪಿನ ಬಾಯಿಯ ಹತ್ತಿರ ರಾಡಿಗೆ ಟೇಪ್ ಸುತ್ತಿ, ಹೊರಗೆಳೆದು ಅಳೆದರೆ 5 ಮೀಟರ್. ಎರಡು ಚೇಂಬರ್‌ಗಳ ನಡುವೆ 12 ಮೀಟರ್. ಅಂದರೆ ಮನೆಯ ಕಡೆಯಿಂದ 7 ಮೀಟರ್, ಸರಿಯಾಗಿ ಕಾರು ನಿಲ್ಲಿಸುವ ಜಾಗ.

ಪೈಪು ತೊಳೆಸಿದ ಮೇಲೆ ಮೇಸ್ತ್ರಿ ಒಂದು ಉಪಾಯ ಮಾಡಿದರು. ಒಂದು ಚೇಂಬರ್‌ನಲ್ಲಿ ಟಾರ್ಚ್ ಇಳಿಸಿ, ಇನ್ನೊಂದರಲ್ಲಿ ಕೋಲಿಗೆ ಕಟ್ಟಿದ ಕನ್ನಡಿ ಹಿಡಿದರು. ನೆಟ್ಟಗಿರುವ ಪೈಪಿನಲ್ಲಿ ಬೆಳಕು ದುಂಡಗೆ, ಪೂರ್ತಿ ರೊಟ್ಟಿಯ ಹಾಗೆ ಕಾಣಬೇಕು. ನಮಗೆ ಕಂಡದ್ದು ಬರೀ ಚೂರು ಬೆಳಕು, ಅದರ ಕೆಳಗೆ ನಿಂತ ನೀರಿನಲ್ಲಿ ಅಲುಗಾಡುವ ಪ್ರತಿಬಿಂಬ. ಪೈಪು ನಡುವೆ ಕುಸಿದು ಹೊಟ್ಟೆ ಬಿಟ್ಟಿತ್ತು. ಕ್ಯಾಮೆರಾ ಬಿಡುವವರು ಸಿಕ್ಕರೆ ಇನ್ನೂ ಒಳ್ಳೆಯದು, ಲೆನ್ಸ್ ನೀರಿನಲ್ಲಿ ಮುಳುಗಿ ಎದ್ದರೆ ಆ ಜಾಗದಲ್ಲಿ ತಗ್ಗು.

ಅಗೆದು ಲೆವೆಲ್ ಪೈಪಿನಲ್ಲಿ ಅಳೆದೆವು. 12 ಮೀಟರಿಗೆ ಇಳಿಜಾರು ಕೊಟ್ಟದ್ದೇ ಬರೀ 12 ಸೆಂಟಿಮೀಟರ್. 7 ಮೀಟರ್ ದೂರದಲ್ಲಿ ಪೈಪು 7 ಸೆಂಟಿಮೀಟರ್ ಇಳಿದಿರಬೇಕಿತ್ತು, ಇಳಿದದ್ದು 16. ಹೊರಹೋಗುವ ಬಾಯಿಗಿಂತ 4 ಸೆಂಟಿಮೀಟರ್ ತಗ್ಗು. 4 ಇಂಚಿನ ಪೈಪಿನಲ್ಲಿ ಅಷ್ಟು ನೀರು ಸದಾ ನಿಂತರೆ ಮಲ, ಜಿಡ್ಡು ಅಲ್ಲೇ ಕೂರುತ್ತದೆ. ಕೆಳಗೆ ತುಂಬಿದ್ದ ಸಡಿಲ ಮಣ್ಣು ಮಳೆಗಾಲದಲ್ಲಿ ಕುಸಿದಿತ್ತು, ಮೇಲೆ ಕಾರಿನ ಭಾರ ಬೇರೆ. ಹಳೆಯ ಸ್ಟೋನ್‌ವೇರ್ ಪೈಪಿನ ಸಿಮೆಂಟ್ ಸಂದು ಬಾಯಿ ಬಿಟ್ಟಿತು, ಒಸರುವ ನೀರು ಹುಡುಕಿ ಹಲಸಿನ ಬೇರು ಒಳಗೆ ಬಂತು. ಹಾಗಾಗಿ ಬೇರು ಕಡಿದರೂ ಸಂದು ತೆರೆದೇ ಇರುತ್ತಿತ್ತು. ಅಡಿಕೆಗೆ ತಂದ ಮೈಲುತುತ್ತು ಸುರಿಯಿರಿ ಎಂದವರೂ ಇದ್ದರು. ಬೇರಿನ ತುದಿ ಸತ್ತೀತು, ಪೈಪು ಮೇಲೇಳುತ್ತದೆಯೇ?

ದುರಸ್ತಿ ಸರಳ, ಧೂಳು ಮಾತ್ರ ಜಾಸ್ತಿ. 4 ಇಂಚಿನ ಪೈಪಿಗೆ 40 ಅಡಿಗೆ 1 ಅಡಿ ಇಳಿಜಾರು ಬೇಕು. ನಮ್ಮ 12 ಮೀಟರಿಗೆ 30 ಸೆಂಟಿಮೀಟರ್. ರಸ್ತೆಯ ಕಡೆಯ ಮಟ್ಟ ಇಳಿಸುವಂತಿರಲಿಲ್ಲ. ಅದೃಷ್ಟಕ್ಕೆ ಮನೆಯ ಕಡೆಯ ಚೇಂಬರ್ ಸುಮ್ನೆ ಆಳವಾಗಿತ್ತು, ಟಾಯ್ಲೆಟ್ ಪೈಪು ತಳಕ್ಕಿಂತ ಸಾಕಷ್ಟು ಮೇಲೆ ಬಂದು ಬೀಳುತ್ತಿತ್ತು. ತಳವನ್ನು 18 ಸೆಂಟಿಮೀಟರ್ ಎತ್ತರಿಸಿ, ನಡುವೆ ಅರ್ಧ ಪೈಪಿನ ಆಕಾರದ ಕಾಲುವೆ ಮಾಡಿಸಿದೆವು. ಹೀಗೆ ಎತ್ತರಿಸಲು ಜಾಗ ಇಲ್ಲದ ಮನೆಯಲ್ಲಿ ಸಿಕ್ಕಷ್ಟು ಇಳಿಜಾರನ್ನೇ ಒಂದೇ ಸಮನೆ ಕೊಡಬೇಕು.

ಗುಂಡಿಯ ತಳ ಚೆನ್ನಾಗಿ ದಮ್ಮಸ್ಸು ಮಾಡಿಸಿ 4 ಇಂಚು ಮರಳು ಹಾಸಿ, ಅದರ ಮೇಲೆ ರಬ್ಬರ್ ರಿಂಗಿನ ದಪ್ಪ ಪಿವಿಸಿ ಪೈಪು. ಮುರಕಲ್ಲಿನ ಚೂರು ಪೈಪಿಗೆ ತಾಗಬಾರದು. ಮಣ್ಣು ಮುಚ್ಚುವ ಮೊದಲು ಒಂದು ಬಕೆಟ್ ನೀರು ಬಿಟ್ಟು ಮತ್ತೆ ಕನ್ನಡಿ ಹಿಡಿಯಿರಿ. ಈ ಸಲ ರೊಟ್ಟಿ ಪೂರ್ತಿ ಕಂಡಿತು. ಪತ್ತನಾಜೆಯೊಳಗೆ ಕೆಲಸ ಮುಗಿಸಿಕೊಳ್ಳಿ, ಮಳೆ ಹಿಡಿದರೆ ಗುಂಡಿಯಲ್ಲಿ ನೀರೇ ನೀರು.

ಇಂಟರ್‌ಲಾಕ್ ಕೂರಿಸುವವರು ಚೇಂಬರ್ ಮೇಲೂ ಸಾಲು ಎಳೆಯಲು ಹೊರಟಿದ್ದರು, ನೋಡಲು ಚೆಂದ ಅಂತ. ಬಿಡಲಿಲ್ಲ. ಕಾರಿನ ಭಾರ ತಡೆಯುವ ಮುಚ್ಚಳವನ್ನು ಚೌಕಟ್ಟಿನ ಸಮೇತ ನೆಲಮಟ್ಟಕ್ಕೆ ಕೂರಿಸಿದೆವು. ಅದರ ಮೇಲೆ ಹೂಕುಂಡ ಇಡಲೇ ಎಂದು ಅತ್ತೆ ಇನ್ನೂ ಕೇಳುತ್ತಿರುತ್ತಾರೆ.